ನಮ್ಮೂರ ಉತ್ತರ

ನನ್ನ ಹೆಂಡತಿ ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. ಚಿಂತೆ ಮಾಡಬೇಡಿ, ದಿನ ಹೋದ ಹಾಗೆ ಎಲ್ಲ ಸರಿಯಾಗುತ್ತದೆ ಎಂದರು. ಕನ್ನಡದಲ್ಲಿ ಹೇಳಿದವರು ಇದ್ದರು, ಗುಜರಾತಿಯಲ್ಲಿ, ಹಿಂದಿಯಲ್ಲಿ ಹೇಳಿದವರೂ ಇದ್ದರು. ಅವರ ಮೇಲೆ ನನಗೆ ಬೇಸರವಿಲ್ಲ. ಆದರೆ ಆ ಮಾತು ಕೇಳಿದಾಗಲೆಲ್ಲ ಅಷ್ಟು ದುಃಖದಲ್ಲೂ ನಗು ಬಂದಂತಾಗುತ್ತಿತ್ತು. ನಮ್ಮ ಮನೆಯಲ್ಲಿ ಒಂದು ಕಾಲದಲ್ಲಿ ಆ ಮಾತಿನ ಪಕ್ಕದಲ್ಲಿ ಕೆಂಪು ಪೆನ್ಸಿಲಿನ ಗುರುತು ಬೀಳುತ್ತಿತ್ತು.

ನಾನು ಹೆಚ್ಚು ಓದಿದವನಲ್ಲ. ಹತ್ತನೆಯ ತರಗತಿ ಮುಗಿಸಿ ಉಡುಪಿಯ ಕಡೆಯಿಂದ ವಡೋದರಕ್ಕೆ ಬಂದವನು. ಫತೇಗಂಜಿನಲ್ಲಿ ನಮ್ಮ ದೂರದ ಸಂಬಂಧಿಕರ ಹೋಟೆಲು ಇತ್ತು. ಅಲ್ಲಿ ನಾನು ಕೌಂಟರಿನಲ್ಲಿ ಕೂರುತ್ತಿದ್ದೆ. ಯೂನಿವರ್ಸಿಟಿಯ ಹುಡುಗರು ಬೆಳಿಗ್ಗೆ ಇಡ್ಲಿಗೆ, ಸಂಜೆ ಮಸಾಲೆದೋಸೆಗೆ ಮುತ್ತಿಕೊಳ್ಳುವರು. ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ನನಗೆ ಸ್ವಲ್ಪ ಬಿಡುವು. ಹೆಂಡತಿ ಮಂಗಳೂರಿನಲ್ಲಿ ನರ್ಸಿಂಗ್ ಕಲಿತವಳು, ವಡೋದರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದಳು. ಎಪ್ಪತ್ತರ ದಶಕ ಮುಗಿದು ಎಂಬತ್ತರದು ಶುರುವಾಗುವ ಹೊತ್ತಿಗೆ ಅವಳಿಗೆ ಅಮೆರಿಕದಲ್ಲಿ ಕೆಲಸ ಮಾಡುವ ಆಸೆ ಹುಟ್ಟಿತು.

ಆಸೆ ಎಲ್ಲಿಂದ ಬಂತು ಎಂದು ನಾನು ಕೇಳಿದ್ದೆ. "ಒಂದು ವಾರ್ಡಿನಲ್ಲಿ ಸಾಕಷ್ಟು ನರ್ಸ್ ಇದ್ದರೆ ಕೆಲಸ ಹೇಗಿರ್ತದೆ ಅಂತ ನೋಡಬೇಕು ನನಗೆ, ಅಷ್ಟೇ," ಅಂದಳು. "ಇಲ್ಲಿ ನಾನು ಓಡುದೇ ಆಯ್ತು. ರೋಗಿಯ ಮುಖ ನೋಡಲಿಕ್ಕೆ ಪುರುಸೊತ್ತಿಲ್ಲ."

ಆ ದಿನಗಳಲ್ಲಿ ಅಲ್ಲಿಗೆ ಹೋಗಬೇಕೆಂದರೆ ನಮ್ಮ ದೇಶದಲ್ಲಿ ಇರುವಾಗಲೇ ಒಂದು ಅರ್ಹತಾ ಪರೀಕ್ಷೆ ಪಾಸಾಗಬೇಕಿತ್ತು. ವರ್ಷಕ್ಕೆ ಎರಡು ಸಲ ನಡೆಯುತ್ತಿತ್ತು, ನಮಗೆ ಕೇಂದ್ರ ಬೊಂಬಾಯಿ. ಅದರಲ್ಲಿ ನರ್ಸಿಂಗ್ ಒಂದು ಭಾಗ, ಇಂಗ್ಲಿಷ್ ಒಂದು ಭಾಗ. ಪಾಸಾದ ಪ್ರಮಾಣಪತ್ರ ಇಲ್ಲದೆ ಕೆಲಸದ ವೀಸಾದ ಮಾತೇ ಇಲ್ಲ. ಅಲ್ಲಿಗೆ ಹೋದ ಮೇಲೆ ಆಯಾ ರಾಜ್ಯದ ನೋಂದಣಿ ಪರೀಕ್ಷೆ ಬೇರೆ. ಮೊದಲನೆಯದರಲ್ಲಿ ಪಾಸಾಗುವವರಿಗೆ ಎರಡನೆಯದೂ ಅಷ್ಟು ಕಷ್ಟವಾಗದು ಎನ್ನುವುದು ಲೆಕ್ಕಾಚಾರ. ಮೊದಲನೆಯದರಲ್ಲೇ ಎಡವಿ ಆಸೆ ಬಿಟ್ಟವರು ಅವಳ ಆಸ್ಪತ್ರೆಯಲ್ಲೇ ಇದ್ದರು. ಮೇಟ್ರನ್ ಬಾಯಿಬಿಟ್ಟು ಹೇಳಿದ್ದರು: ರಜೆ ಒಂದು ಸಲ ಕೊಡುತ್ತೇನೆ, ಮತ್ತೆ ಮತ್ತೆ ಕೇಳಬೇಡ. ಹಾಗಾಗಿ ಅವಳಿಗೆ ಇದ್ದದ್ದು ಒಂದೇ ಅವಕಾಶ ಎಂದೇ ನಾವು ತಿಳಿದುಕೊಂಡಿದ್ದೆವು.

ಅವಳ ಜೊತೆಗೆ ಓದುತ್ತಿದ್ದವಳು ಒಬ್ಬಳು ಮಲಯಾಳಿ ಗೆಳತಿ. ಇಬ್ಬರೂ ಮಂಗಳೂರಿನ ಒಂದೇ ಹಾಸ್ಟೆಲಿನಲ್ಲಿ ಇದ್ದವರು. ಆಗ ಅವಳು ಸೂರತ್‌ನ ಆಸ್ಪತ್ರೆಯಲ್ಲಿದ್ದಳು. ನನ್ನ ಹೆಂಡತಿಯನ್ನು ಚೇಚಿ, ಅಂದರೆ ಅಕ್ಕ ಎಂದೂ ನನ್ನನ್ನು ಚೇಟ್ಟ, ಅಂದರೆ ಅಣ್ಣ ಎಂದೂ ಕರೆಯುವಳು, ಉಳಿದದ್ದೆಲ್ಲ ಮಂಗಳೂರು ಕನ್ನಡ. ಇಬ್ಬರಿಗೂ ದಾರಿ ತೋರಿಸಿದವರು ಅಹಮದಾಬಾದಿನಲ್ಲಿ ಇದ್ದ ಒಬ್ಬ ಹಿರಿಯ ನರ್ಸಿಂಗ್ ಟೀಚರ್. ಧಾರವಾಡದ ಕಡೆಯವರು, ತಮ್ಮನಿಗೆ ರೈಲ್ವೆ ಕೆಲಸ. ನಿವೃತ್ತಿಯ ಮೇಲೆ ಅವನ ಜೊತೆ ವಸ್ತ್ರಾಪುರದಲ್ಲಿ ಇದ್ದರು. ಆಗ ವಸ್ತ್ರಾಪುರವೆಂದರೆ ಕೆರೆ, ಕೆರೆಯ ಸುತ್ತ ಎಮ್ಮೆಗಳು, ನಡುನಡುವೆ ಹೊಸ ಮನೆಗಳು, ಇಷ್ಟೇ. ಟೀಚರ್ ಹಿಂದೆ ಕೆಲವು ವರ್ಷ ಅಮೆರಿಕದ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಮರಳಿ ಬಂದವರು.

ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿದ ಭಾನುವಾರಗಳಲ್ಲಿ ಗೆಳತಿ ಸೂರತ್‌ನಲ್ಲಿ ಬೆಳಗಿನ ರೈಲು ಹತ್ತುವಳು, ಕಿಟಕಿಯ ಪಕ್ಕದ ಸೀಟಿನಲ್ಲಿ ಟವೆಲು ಹಾಸಿ ಜಾಗ ಹಿಡಿದಿರುವಳು. ವಡೋದರದಲ್ಲಿ ನಾವು ಹತ್ತುತ್ತಿದ್ದೆವು. ಹೋಟೆಲಿಗೆ ರಜೆ ಹಾಕಿ ನಾನೂ ಹೋಗುತ್ತಿದ್ದೆ, ಇಡ್ಲಿಯ ಡಬ್ಬಿ ನನ್ನ ಕೈಯಲ್ಲಿ. ರೈಲು ಬಿಟ್ಟ ಕೂಡಲೆ ಶುರು. "ಚೇಚಿ, ಅಡ್ರಿನಾಲಿನ್‌ಗೆ ಅವರು ಎಂತ ಹೇಳ್ತಾರೆ?" "ಎಪಿನೆಫ್ರಿನ್. ಪೆಥಿಡಿನ್‌ಗೆ?" "ಮೆಪೆರಿಡಿನ್. ಪ್ಯಾರಸಿಟಮಾಲ್?" ಒಂದೇ ಮದ್ದಿಗೆ ಅಲ್ಲಿ ಬೇರೆ ಹೆಸರು. ಆಪರೇಷನ್ ಥಿಯೇಟರಿಗೆ ಬೇರೆ ಹೆಸರು, ಕ್ಯಾಶುವಾಲ್ಟಿಗೆ ಬೇರೆ. ಎದುರಿನ ಸೀಟಿನ ಗುಜರಾತಿ ಅಜ್ಜಿಯೊಬ್ಬರು ಒಮ್ಮೆ ನನ್ನನ್ನು, ಈ ಹುಡುಗಿಯರು ಯಾವ ದೇವರ ಹೆಸರು ಜಪಿಸುತ್ತಿದ್ದಾರೆ ಎಂದು ಕೇಳಿದ್ದರು.

ಟೀಚರ್ ಮೊದಲ ದಿನವೇ ಅವಳ ಓದಿನ ಕ್ರಮವನ್ನು ಬದಲಾಯಿಸಿದರು. ಅಲ್ಲಿಯವರೆಗೆ ನನ್ನ ಹೆಂಡತಿ ಹೆರಿಗೆಯ ಪುಸ್ತಕವನ್ನೇ ಹಿಡಿದು ಕೂರುತ್ತಿದ್ದಳು. ಅದರಲ್ಲಿ ಕೇಳಿದ್ದೆಲ್ಲ ಅವಳಿಗೆ ಗೊತ್ತಿತ್ತು.

"ಬರೂದನ್ನ ಓದಿದ್ರ ಮನಸ್ಸಿಗೆ ಭಾಳ ಹಿತ ಅನಸ್ತದ," ಅಂದರು ಟೀಚರ್. "ನೀ ಹಿತಕ್ಕ ಓದಾಕತ್ತೀಯೋ, ಪಾಸಾಗಾಕ ಓದಾಕತ್ತೀಯೋ?"

ಮೊದಲು ಎಲ್ಲ ವಿಷಯಗಳ ಪ್ರಶ್ನೆ ಬೆರೆಸಿ ಒಂದು ಪರೀಕ್ಷೆ ಬರೆಸಿದರು. ಯಾವುದರಲ್ಲಿ ಬಲ ಕಡಿಮೆ ಎಂದು ಅದರಿಂದ ತಿಳಿಯಿತು. ಹೆರಿಗೆ ಚೆನ್ನಾಗಿತ್ತು, ಮಕ್ಕಳ ವಿಭಾಗ ಪರವಾಗಿಲ್ಲ, ಮೆಡಿಕಲ್ ಮತ್ತು ಸರ್ಜಿಕಲ್ ಅಷ್ಟಕ್ಕಷ್ಟೆ. ಮನೋರೋಗದ ವಿಭಾಗದಲ್ಲಿ ಪೂರ್ತಿ ಬಿದ್ದಿದ್ದಳು. ಅವಳ ತರಬೇತಿಯಲ್ಲಿ ಅದಕ್ಕೆ ಕೆಲವು ಪಾಠಗಳು, ಮಾನಸಿಕ ಆಸ್ಪತ್ರೆಗೆ ಒಂದು ಸಣ್ಣ ಭೇಟಿ, ಅಷ್ಟೇ ಇದ್ದದ್ದು. ಬಲ ಕಡಿಮೆ ಇರುವ ವಿಷಯ ವಾರದಲ್ಲಿ ಎರಡು ಸಲ ಬರಬೇಕು, ಬಲ ಇರುವುದು ಒಂದು ಸಲ ಸಾಕು ಎಂದರು. ಡ್ಯೂಟಿಗೆ ತಕ್ಕ ಹಾಗೆ ಓದು. ಬೆಳಗಿನ ಡ್ಯೂಟಿಯ ವಾರ ಸಂಜೆ ಹೊಸ ಪಾಠ. ಮಧ್ಯಾಹ್ನದ ಡ್ಯೂಟಿಯಾದರೆ ಬೆಳಿಗ್ಗೆಯೇ ಮುಗಿಸಬೇಕು. ರಾತ್ರಿ ಡ್ಯೂಟಿಯ ವಾರ ಹೊಸದನ್ನು ಮುಟ್ಟಲೇಬಾರದು, ಹಳೆಯ ತಪ್ಪುಗಳನ್ನಷ್ಟೇ ನೋಡಬೇಕು, ರೇಡಿಯೋ ಕೇಳಬೇಕು. ವಾರದ ಕೊನೆಗೆ ಗಡಿಯಾರ ಇಟ್ಟುಕೊಂಡು ಎಲ್ಲ ಬೆರೆಸಿದ ಪ್ರಶ್ನೆ.

ಟೀಚರ್ ಕೊಟ್ಟ ಇನ್ನೊಂದು ಉಪಾಯವೇ ಈ ಬರಹಕ್ಕೆ ಕಾರಣ. ತಪ್ಪಾದ ಉತ್ತರವನ್ನು ತಿದ್ದಿ ಮುಂದೆ ಹೋಗಬಾರದು, ಯಾಕೆ ತಪ್ಪಿತು ಎಂದು ಪಕ್ಕದಲ್ಲಿ ಗುರುತು ಹಾಕಬೇಕು. ವಿಷಯವೇ ಗೊತ್ತಿಲ್ಲದಿದ್ದರೆ ಒಂದು ಗುರುತು. ಗೊತ್ತಿದ್ದೂ ಪ್ರಶ್ನೆಯನ್ನು ಸರಿಯಾಗಿ ಓದದಿದ್ದರೆ ಇನ್ನೊಂದು. ಈ ಎರಡನೆಯದು ಅವಳಿಗೆ "ಮೊದಲು" ಎಂಬ ಶಬ್ದದಲ್ಲಿ ಬಹಳ ಆಗುತ್ತಿತ್ತು. ಹೆರಿಗೆಯಾದ ತಾಯಿಗೆ ರಕ್ತ ಹೆಚ್ಚು ಹೋಗುತ್ತಿದೆ, ಗರ್ಭಕೋಶ ಮೆತ್ತಗಿದೆ, ನರ್ಸ್ ಮೊದಲು ಏನು ಮಾಡಬೇಕು? ಡಾಕ್ಟರನ್ನು ಕರೆಯಬೇಕು ಎಂದು ಅವಳು ಬರೆದಿದ್ದಳು. ಕರೆಯಬೇಕು ನಿಜ, ಆದರೆ ಮೊದಲು ಹೊಟ್ಟೆಯ ಮೇಲಿಂದ ಗರ್ಭಕೋಶವನ್ನು ಉಜ್ಜಿ ಗಟ್ಟಿ ಮಾಡಬೇಕು. "ವಾರ್ಡಿನಲ್ಲಿ ನಾನು ಅದನ್ನೇ ಮಾಡುದು ಮಾರಾಯ್ರೆ," ಎಂದು ನನ್ನ ಹತ್ತಿರ ಸಿಟ್ಟಿನಲ್ಲಿ ಹೇಳಿದಳು. "ಪೇಪರ್ ಕಂಡ ಕೂಡ್ಲೆ ಡಾಕ್ಟರ್ ಡಾಕ್ಟರ್ ಅಂತ ಕೈ ಓಡ್ತದೆ."

ಇವೆರಡರ ಜೊತೆಗೆ ಮೂರನೆಯ ಗುರುತೊಂದನ್ನು ಹುಟ್ಟಿಸಿ ಹೆಸರಿಟ್ಟವಳು ಅವಳೇ. ಒಂದು ಭಾನುವಾರ ಟೀಚರ್ ಮನೆಯ ಜಗಲಿಯಲ್ಲಿ ಕೂತು ಮನೋರೋಗದ ಪ್ರಶ್ನೆಗಳನ್ನು ನೋಡುತ್ತಿದ್ದರು. ನಾಳೆ ಆಪರೇಷನ್ ಇರುವ ರೋಗಿ, "ನಾನು ಬದುಕಿ ಬರುತ್ತೇನಾ ಸಿಸ್ಟರ್?" ಎಂದು ಕೇಳುತ್ತಾನೆ. ನರ್ಸ್ ಏನು ಹೇಳಬೇಕು? ನಾಲ್ಕು ಉತ್ತರಗಳಿದ್ದವು. ಚಿಂತೆ ಮಾಡಬೇಡಿ, ನಮ್ಮ ಸರ್ಜನ್ ತುಂಬ ಅನುಭವಸ್ಥರು. ಅದನ್ನೆಲ್ಲ ಯೋಚಿಸಬೇಡಿ, ಮಕ್ಕಳನ್ನು ನೆನೆಸಿಕೊಳ್ಳಿ. ಡಾಕ್ಟರನ್ನು ಕೇಳಿ. ಆಪರೇಷನ್ ಬಗ್ಗೆ ನಿಮಗೆ ಹೆದರಿಕೆ ಇದ್ದ ಹಾಗಿದೆ, ಹೇಳಿ.

ನನ್ನ ಹೆಂಡತಿ ಮೊದಲನೆಯದಕ್ಕೆ ಗುರುತು ಹಾಕಿದಳು. ಸೂರತ್ ಗೆಳತಿಯೂ ಅದಕ್ಕೇ. ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

"ತಪ್ಪು," ಅಂದರು ಟೀಚರ್. "ಕಡೀದು ಸರಿ."

"ಅದು ಹೇಗೆ ಟೀಚರ್? ಹೆದರಿದವರಿಗೆ ಧೈರ್ಯ ಹೇಳುದು ಬೇಡವಾ? ಹೆದರಿಕೆ ಉಂಟಾ ಅಂತ ಕೇಳಿದರೆ ಇಲ್ಲದ ಹೆದರಿಕೆಯೂ ಬರುದಿಲ್ವಾ?"

"ಎಲ್ಲಾ ಛಲೋ ಆಗ್ತದಂತ ನಿನಗ ಯಾರ್ ಹೇಳ್ಯಾರ? ನೀ ಏನ್ ದೇವರಿದ್ದೀ ಏನವಾ?"

"ನನ್ನ ವಾರ್ಡಿನಲ್ಲಿ ಅರವತ್ತು ಜನ ಇದ್ದಾರೆ. ನಾನು ಒಬ್ಳೇ. ಏನೂ ಆಗುದಿಲ್ಲ ಅಂತ ಬೆನ್ನು ತಟ್ಟಿ ಹೋಗುದು ಬಿಟ್ಟು ಬೇರೆ ಎಂತ ಮಾಡಲಿಕ್ಕೆ ಆಗ್ತದೆ? ಅವರಿಗೂ ಅಷ್ಟೇ ಬೇಕಾದ್ದು. ನಮ್ಮೂರಲ್ಲಿ ಇದೇ ಉತ್ತರ."

ಟೀಚರ್ ನಗಲಿಲ್ಲ. "ಖರೇ, ನಮ್ಮೂರ ಉತ್ತರ ಅದ. ನಾನೂ ಅದನ್ನ ಹೇಳಕೋತ ಹೋಗಿದ್ದೆ ಅಲ್ಲಿಗೆ. ನೋಡವಾ, ನೀ ಹಂಗ ಅಂದಿ ಅಂದ್ರ ರೋಗಿ ಬಾಯಿ ಮುಚ್ಚತಾನ. ಅಲ್ಲೂ ಮುಚ್ಚತಾನ, ಇಲ್ಲೂ ಮುಚ್ಚತಾನ. ಇಲ್ಲಿ ನಮಗ ಗದ್ದಲದಾಗ ಗೊತ್ತಾಗೂದಿಲ್ಲ, ಅಷ್ಟ."

ಮರಳುವ ರೈಲಿನಲ್ಲಿ ಅವಳು ಮುಖ ಗಂಟು ಹಾಕಿಕೊಂಡೇ ಕೂತಿದ್ದಳು. ಆಣಂದ್ ದಾಟಿದ ಮೇಲೆ ಕೆಂಪು ಪೆನ್ಸಿಲು ತೆಗೆದು ತಪ್ಪಾದ ಉತ್ತರಗಳ ಪಕ್ಕದಲ್ಲೆಲ್ಲ "ನ.ಉ." ಎಂದು ಬರೆಯತೊಡಗಿದಳು. ನಮ್ಮೂರ ಉತ್ತರ. ಬರೆಯುತ್ತ ಹೋದ ಹಾಗೆ ನಗು ಬಂತು. "ನೋಡಿ, ನಾನು ಫೇಲಾಗುದು ಪೂರ್ತಿ ನಮ್ಮೂರಿಂದಲೇ," ಎಂದು ನನಗೆ ತೋರಿಸಿದಳು.

ಅದನ್ನು ಸರಿಪಡಿಸುವ ಅಭ್ಯಾಸದಲ್ಲಿ ನನಗೂ ಒಂದು ಕೆಲಸ ಬಂತು, ರೋಗಿಯಾಗುವುದು. ಹೋಟೆಲಿನ ಬಿಡುವಿನಲ್ಲಿ ಮನೆಗೆ ಬಂದು ಕುರ್ಚಿಯಲ್ಲಿ ಕೂರುತ್ತಿದ್ದೆ. ಟೀಚರ್ ಕೊಟ್ಟ ಹಾಳೆಯಿಂದ ಇಂಗ್ಲಿಷಿನಲ್ಲಿ ರೋಗಿಯ ಮಾತು ಓದಬೇಕು, ಅವಳು ತಕ್ಷಣ ಇಂಗ್ಲಿಷಿನಲ್ಲಿ ಉತ್ತರ ಕೊಡಬೇಕು. ಭಾಷೆಯ ಅಭ್ಯಾಸವೂ ಆಯಿತು, ವಿಷಯದ್ದೂ ಆಯಿತು. ಕೌಂಟರಿನಿಂದ ಅಡಿಗೆಮನೆಗೆ ಕೂಗಿ ಕೂಗಿ ನನಗೆ ಒಂದೇ ಸ್ವರ ಅಭ್ಯಾಸ.

"ಮಾರಾಯ್ರೆ, ಪೇಷಂಟ್ ಸಾಯ್ಲಿಕ್ಕೆ ಹೆದರುದಾ ಅಲ್ಲ ಎರಡು ಸೆಟ್‌ದೋಸೆ ಆರ್ಡರ್ ಮಾಡುದಾ?" ಎಂದು ಗೇಲಿ ಮಾಡುವಳು.

"ನಿನ್ನ ಅಮೆರಿಕದ ಪೇಷಂಟು ಹೇಗೆ ಹೆದರ್ತಾನೆ ಅಂತ ನನಗೆಂತ ಗೊತ್ತು? ರೇಡಿಯೋ ಹಾಕು, ಅದರಲ್ಲಿ ಯಾರಾದ್ರೂ ಹೆದರಿದ್ರೆ ಕಲೀತೇನೆ."

ರೇಡಿಯೋ ಅವಳ ಇಂಗ್ಲಿಷ್ ಮೇಷ್ಟ್ರು. ಪರೀಕ್ಷೆಯಲ್ಲಿ ಟೇಪಿನಿಂದ ಒಂದೇ ಸಲ ಕೇಳಿಸುತ್ತಾರೆ, ಮತ್ತೊಮ್ಮೆ ಹೇಳಿ ಎನ್ನುವಂತಿಲ್ಲ. ಶಾರ್ಟ್‌ವೇವಿನಲ್ಲಿ ಅಮೆರಿಕದವರ ಸುದ್ದಿ ಹಿಡಿದು ಕೇಳುವಳು, ಮುಗಿದ ಮೇಲೆ ಕೇಳಿದ್ದನ್ನು ತನ್ನ ಮಾತಿನಲ್ಲಿ ನನಗೆ ಹೇಳುವಳು. ಅವರ ಬಾಯಲ್ಲಿ "ಕ್ಯಾನ್" ಮತ್ತು "ಕಾಂಟ್" ಒಂದೇ ಹಾಗೆ ಕೇಳುವುದು ಅವಳಿಗೆ ದೊಡ್ಡ ತೊಂದರೆ. ರೋಗಿ ನಡೆಯಬಹುದೋ, ನಡೆಯಬಾರದೋ? ಅದೊಂದಕ್ಕೇ ಕೆಲವು ವಾರ ಹೋದವು. ಕೊನೆಗೆ ಶಬ್ದ ಬಿಟ್ಟು ಒತ್ತನ್ನು ಕೇಳಲು ಕಲಿತಳು. ಅವರು ಒತ್ತಿ ಹೇಳಿದರೆ ಬಾರದು, ತೇಲಿಸಿ ಹೇಳಿದರೆ ಬಹುದು.

ಇಂಗ್ಲಿಷ್ ಹೀಗೆ ದಾರಿಗೆ ಬಂತು. "ನ.ಉ." ಮಾತ್ರ ಕಡಿಮೆಯಾಗಲಿಲ್ಲ. ಸರಿ ಉತ್ತರ ಯಾವುದೆಂದು ಅವಳಿಗೆ ಬಾಯಿಪಾಠ ಬಂದಿತ್ತು, ಆದರೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಮತ್ತೆ ಬೆನ್ನು ತಟ್ಟುವ ಉತ್ತರವೇ. ನಂಬಿಕೆ ಬಾರದ್ದು ಕೈಗೆ ಹೇಗೆ ಬರುತ್ತದೆ?

ಒಂದು ಮಧ್ಯಾಹ್ನ ಟೀಚರ್ ಕೊಟ್ಟ ಹಾಳೆಗಳು ಮುಗಿದಿದ್ದವು. "ನೀವೇ ಏನಾದ್ರೂ ಹೇಳಿ, ಕನ್ನಡದಲ್ಲೇ ಆಗ್ಲಿ," ಅಂದಳು. ನಾನು ತಮಾಷೆಗೇ ಶುರು ಮಾಡಿದೆ.

"ಸಿಸ್ಟರೇ, ನನ್ನ ಹೆಂಡತಿ ದೂರದ ದೇಶಕ್ಕೆ ಹೋಗ್ತಾಳಂತೆ. ನನಗೆ ಊಟ ಸೇರುದಿಲ್ಲ."

"ಅಯ್ಯೋ, ಏನೂ ಆಗುದಿಲ್ಲ, ಎರಡೇ ವರ್ಷದಲ್ಲಿ ನಿಮ್ಮನ್ನೂ ಕರೆಸಿಕೊಳ್ತಾಳೆ—" ಎಂದವಳು ಅಲ್ಲೇ ನಿಂತಳು. ಕೆಂಪು ಪೆನ್ಸಿಲು ಅವಳ ಕೈಯಲ್ಲೇ ಇತ್ತು. ನನ್ನ ಮುಖ ನೋಡಿದಳು. ನಾನು ಮುಖ ಬೇರೆ ಕಡೆ ತಿರುಗಿಸಿದ್ದೆನೋ ಏನೋ.

ಪೆನ್ಸಿಲು ಕೆಳಗಿಟ್ಟು, "ಊಟಕ್ಕೆ ಕೂತಾಗ ಎಂತ ಯೋಚನೆ ಬರ್ತದೆ?" ಎಂದು ಕೇಳಿದಳು.

ನಾನು ಹೇಳಿದೆ. ಅದುವರೆಗೆ ಹೇಳಿರಲಿಲ್ಲ. ಅವಳು ಅಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ದೊಡ್ಡವರ ನಡುವೆ ಇರುತ್ತಾಳೆ. ನಾನು ಹೋದರೆ ಅಲ್ಲಿ ನಾನು ಯಾರು? ನನ್ನ ಇಂಗ್ಲಿಷು ಎರಡು ದೋಸೆ, ಒಂದು ಕಾಫಿಯಷ್ಟು. ಅವಳಿಗೆ ನಾಚಿಕೆಯಾದೀತು ಎನ್ನುವುದು ನನ್ನ ಹೆದರಿಕೆ. ಅವಳು ಮರಳಿ ಬಾರದೆ ಹೋದಾಳು ಎನ್ನುವುದಲ್ಲ. ಅವಳು ನಡುವೆ ಬಾಯಿ ಹಾಕಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹೇಳಿ ಮುಗಿಯುವ ಹೊತ್ತಿಗೆ ಹೋಟೆಲಿಗೆ ಹೊತ್ತಾಗಿತ್ತು. ಏನೂ ಬದಲಾಗಿರಲಿಲ್ಲ, ಆದರೂ ಫತೇಗಂಜಿನ ರಸ್ತೆಯಲ್ಲಿ ಸೈಕಲ್ ಹಗುರಾಗಿ ಓಡಿದಂತೆ ಅನ್ನಿಸಿತು.

ಮರುವಾರ ಅವಳು ಅದನ್ನು ವಾರ್ಡಿನಲ್ಲಿ ಮಾಡಿ ನೋಡಿದಳು. ಹಳ್ಳಿಯಿಂದ ಬಂದಿದ್ದ ಒಬ್ಬ ಹೆಂಗಸಿಗೆ ಮರುದಿನ ಪಿತ್ತಕೋಶದ ಆಪರೇಷನ್. ಬೆಳಗಿನಿಂದ ಅಳುತ್ತಿದ್ದಳು. ಎಲ್ಲರೂ ಏನೂ ಆಗುವುದಿಲ್ಲ ಎಂದು ಹೇಳಿ ಹೋಗಿದ್ದರು. ನನ್ನ ಹೆಂಡತಿ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು, "ಶಾನೀ ಬೀಕ್ ಲಾಗೇ ಛೇ, ಬೆನ್?" ಎಂದು ಕೇಳಿದಳು. ಯಾವುದರ ಹೆದರಿಕೆ ಅಕ್ಕಾ ಎಂದು.

ಹೆದರಿಕೆ ಆಪರೇಷನ್ನಿನದ್ದೇ ಅಲ್ಲ. ಥಿಯೇಟರಿಗೆ ಹೋಗುವಾಗ ಮೈಮೇಲಿನದ್ದೆಲ್ಲ ತೆಗೆಸುತ್ತಾರೆ ಎಂದು ಪಕ್ಕದ ಮಂಚದವಳು ಹೇಳಿದ್ದಳಂತೆ. ಗಂಡ ಬದುಕಿರುವಾಗ ಬಳೆ ತೆಗೆದರೆ ಅವನಿಗೆ ಕೇಡು ಎನ್ನುವುದು ಇವಳ ಅಳು. ನನ್ನ ಹೆಂಡತಿ ಸರ್ಜನ್ನರ ಒಪ್ಪಿಗೆ ಕೇಳಿದಳು. ಡ್ರಿಪ್ ಹಾಕದ ಕೈಯಲ್ಲಿ ಒಂದು ಬಳೆ ಉಳಿಸಿ, ಅದರ ಮೇಲೆ ಬ್ಯಾಂಡೇಜು ಸುತ್ತಿ ಪಟ್ಟಿ ಅಂಟಿಸಿದಳು. ಆ ಹೆಂಗಸು ಅಳು ನಿಲ್ಲಿಸಿ, ಒರಗಿದಳು.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು. "ನಾನು ಎಷ್ಟು ವರ್ಷದಿಂದ ಎಷ್ಟು ಜನರ ಬೆನ್ನು ತಟ್ಟಿದ್ದೇನೆ. ಯಾರ ಬಳೆಯೂ ನನಗೆ ಕಾಣಲಿಲ್ಲ ನೋಡಿ." ಬೇಸರದಿಂದ ಹೇಳಿದ್ದಲ್ಲ, ಏನೋ ಸಿಕ್ಕಿದವಳ ಹಾಗಿದ್ದಳು. ಅಲ್ಲಿಂದ ಮುಂದೆ "ನ.ಉ." ಗುರುತುಗಳು ಬೇಗ ಬೇಗ ಕಡಿಮೆಯಾದವು. ಅವಳ ಡ್ಯೂಟಿ ಮಾತ್ರ ಮೊದಲಿಗಿಂತ ತಡವಾಗಿ ಮುಗಿಯತೊಡಗಿತು.

ಪರೀಕ್ಷೆಗೆ ಬೊಂಬಾಯಿಗೆ ಮೂವರೂ ಹೋದೆವು. ಹೊರಡುವ ಮುಂಚಿನ ವಾರ ಹೊಸದೇನನ್ನೂ ಓದಬಾರದು ಎಂದು ಟೀಚರ್ ಕಟ್ಟಪ್ಪಣೆ ಮಾಡಿದ್ದರು. ಹಾಲ್‌ನ ಹೊರಗೆ ಬೇರೆ ಬೇರೆ ಊರಿನ ನರ್ಸ್‌ಗಳ ಗಂಡಂದಿರು, ಅಣ್ಣಂದಿರು ನಿಂತಿದ್ದರು. ಊಟದ ವಿರಾಮದಲ್ಲಿ ಬಂದವಳು ಮೊಸರನ್ನ ತಿನ್ನುತ್ತ, "ನಿಮ್ಮ ಊಟದ ಪ್ರಶ್ನೆ ಬಂದಿತ್ತು," ಅಂದಳು.

ಫಲಿತಾಂಶ ಅಂಚೆಯಲ್ಲಿ ಬರುವಷ್ಟರಲ್ಲಿ ಋತು ಬದಲಾಗಿತ್ತು. ಲಕೋಟೆಯನ್ನು ಹೋಟೆಲಿಗೇ ತಂದು ಕೌಂಟರಿನ ಮೇಲಿಟ್ಟು, ನೀವೇ ಒಡೆಯಿರಿ ಅಂದಳು. ಎರಡೂ ಭಾಗದಲ್ಲಿ ಪಾಸಾಗಿತ್ತು. ನಾನು ಅಡಿಗೆಮನೆಗೆ ಎರಡು ಸೆಟ್‌ದೋಸೆ ಕೂಗಿದೆ. ಅವಳು ನಕ್ಕು ನಕ್ಕು ಬೆಂಚಿನ ಮೇಲೆ ಕೂತಳು. ಸೂರತ್‌ನ ಗೆಳತಿಗೆ ಆ ಸಲ ಇಂಗ್ಲಿಷ್ ಕೈಕೊಟ್ಟಿತು. ಅವಳಿಗಾಗಿ ನಮ್ಮ ರೇಡಿಯೋ ಸೂರತ್‌ಗೆ ಹೋಯಿತು. ಮುಂದಿನ ಪರೀಕ್ಷೆಯಲ್ಲಿ ಅವಳೂ ದಾಟಿದಳು.

ಹೆಂಡತಿ ಹೋದಳು, ಅಲ್ಲಿಯ ನೋಂದಣಿ ಪರೀಕ್ಷೆಯನ್ನೂ ಮುಗಿಸಿದಳು. ನಾನು ಆಮೇಲೆ ಹೋಗಿ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೆಲಸ ಮಾಡಿದೆ. ಅವಳು ತನ್ನ ಜೊತೆಯವರಿಗೆಲ್ಲ ನನ್ನನ್ನು ತೋರಿಸಿ, ಇವರೇ ನನ್ನ ಮೊದಲ ಪೇಷಂಟ್ ಎಂದು ಹೇಳುವಳು. ನಿವೃತ್ತಿಯ ಮೇಲೆ ಇಬ್ಬರೂ ವಡೋದರಕ್ಕೇ ಬಂದೆವು.

ಅವಳು ಕೊನೆಯ ಸಲ ಆಸ್ಪತ್ರೆಯಲ್ಲಿ ಮಲಗಿದ್ದಾಗ ಚಿಕ್ಕ ವಯಸ್ಸಿನ ನರ್ಸ್ ಒಬ್ಬಳು ಬಂದು, ಚಿಂತೆ ಮಾಡಬೇಡಿ ಆಂಟಿ, ಎಲ್ಲ ಸರಿಹೋಗುತ್ತದೆ ಎಂದು ಕೆನ್ನೆ ಸವರಿ ಹೋದಳು. ಒಳ್ಳೆಯ ಹುಡುಗಿ. ನನ್ನ ಹೆಂಡತಿ ಅವಳು ಬಾಗಿಲು ದಾಟುವವರೆಗೆ ಕಾದು, ನನ್ನ ಕಡೆ ನೋಡಿ, ಗಾಳಿಯಲ್ಲಿ ಬೆರಳಿನಿಂದ ಎರಡು ಅಕ್ಷರ ಬರೆದಳು. ಇಬ್ಬರೂ ನಕ್ಕೆವು. ನಾನು ಸ್ಟೂಲು ಹತ್ತಿರಕ್ಕೆ ಎಳೆದುಕೊಂಡೆ. ಏನು ಕೇಳಬೇಕೆಂದು ನನಗೆ ಗೊತ್ತಿತ್ತು. ಕೇಳಿದೆ, ಅವಳು ಹೇಳಿದಳು. ಅದು ನಮ್ಮಿಬ್ಬರ ಮಾತು, ಇಲ್ಲಿ ಬರೆಯುವುದಿಲ್ಲ.

ಸುದ್ದಿ ತಿಳಿದು ಸೂರತ್‌ನ ಆ ಗೆಳತಿ, ಈಗ ಅವಳೂ ಮುದುಕಿ, ಅಮೆರಿಕದಿಂದ ಫೋನ್ ಮಾಡಿದಳು. ಮೊದಲು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಕೇಳಿದಳು: "ಚೇಟ್ಟಾ, ಬೆಳಿಗ್ಗೆ ಎದ್ದ ಕೂಡ್ಲೆ ಎಂತ ನೆನಪಾಗ್ತದೆ?"

ಫೋನಿನಲ್ಲಿ ಹೇಳಲು ಆಗಲಿಲ್ಲ, ಬರೆದು ಕಳಿಸುತ್ತೇನೆ ಎಂದೆ. ಬೆಳಿಗ್ಗೆ ಎದ್ದ ಕೂಡಲೆ ನನಗೆ ನೆನಪಾಗುವುದು ಅಹಮದಾಬಾದಿನ ರೈಲು. ಕಿಟಕಿಯ ಪಕ್ಕ ಟವೆಲು ಹಾಸಿದ ಸೀಟು, ನನ್ನ ತೊಡೆಯ ಮೇಲೆ ಬಿಸಿ ಡಬ್ಬಿ, ಅವಳ ಬಾಯಲ್ಲಿ ಒಂದೊಂದಾಗಿ ಬದಲಾಗುವ ಮದ್ದುಗಳ ಹೆಸರು. ಅದನ್ನು ಹೇಳಲು ಹೊರಟು ಇಷ್ಟು ಬರೆದೆ. ಬರೆದ ಈ ಕೆಲವು ದಿನ ಊಟ ಸೇರಿದೆ. ನಾಳೆ ಇದನ್ನು ಅಂಚೆಗೆ ಹಾಕುತ್ತೇನೆ.